ತೇಪೆ ಬಣ್ಣಕ್ಕೆ ಒಂದು ಪತ್ರ

ಕೂದಲಿಗೆ ಕಂದು ಬಣ್ಣ ಹಾಕಿಸಿಕೊಂಡು ಮನೆಗೆ ಬಂದು ಬಿಸಿಲಲ್ಲಿ ನೋಡಿದರೆ ಬುಡ ಕಿತ್ತಳೆ, ನಡುಭಾಗ ಕಪ್ಪು. ಸಲೂನ್ ಮಾಲೀಕರಿಗೆ ಬರೆಯುವಾಗ ‘ಚೆನ್ನಾಗಿ ಬಂದಿಲ್ಲ’ ಎಂದಷ್ಟೇ ಹೇಳಿದರೆ ಅದು ಅಭಿರುಚಿಯ ಮಾತಾಗಿಬಿಡುತ್ತದೆ. ದೋಷ ಎಲ್ಲಿದೆ ಎಂದು ತೋರಿಸಬೇಕು.

ನೆತ್ತಿಯ ಶಾಖಕ್ಕೆ ಬುಡದ ಕೂದಲು ಬೇಗ ಬಣ್ಣ ಬಿಡುತ್ತದೆ. ಹಾಗಾಗಿ ಮೊದಲ ಸಲ ತಿಳಿಬಣ್ಣ ಮಾಡುವಾಗ ಉದ್ದಕ್ಕೆ ಮೊದಲು, ಬುಡಕ್ಕೆ ಕೊನೆಗೆ ಹಚ್ಚುವುದು ಕ್ರಮ. ಇದು ತಪ್ಪಿದರೆ ಬುಡವೇ ಹೊಳೆಯುತ್ತದೆ. ಆದರೆ ಹಿಂದೆ ಮೆಹಂದಿ ಹಚ್ಚಿದ್ದರೆ ಅದೂ ಕಾರಣವಾಗಬಹುದು. ಅದನ್ನು ಪತ್ರದಲ್ಲಿ ಮುಚ್ಚಿಡಬೇಡಿ.

ಪತ್ರ ಹೀಗಿರಲಿ: ‘ಮಾನ್ಯರೇ, ಶನಿವಾರ ನಿಮ್ಮಲ್ಲಿ ಬಣ್ಣ ಹಾಕಿಸಿಕೊಂಡೆ. ಬುಡದಲ್ಲಿ ಎರಡು ಬೆರಳಗಲ ಕಿತ್ತಳೆಯಾಗಿದೆ, ಕುತ್ತಿಗೆಯ ಹಿಂದೆ ಬಣ್ಣವೇ ಹಿಡಿದಿಲ್ಲ. ಮೊದಲು ಮೆಹಂದಿ, ಬಣ್ಣ ಯಾವುದನ್ನೂ ಬಳಸಿರಲಿಲ್ಲ. ಬಿಲ್ ಮತ್ತು ಹಗಲು ಬೆಳಕಿನ ಫೋಟೊ ಲಗತ್ತಿಸಿದ್ದೇನೆ. ಅನುಭವಿ ಸಿಬ್ಬಂದಿಯಿಂದ ಉಚಿತವಾಗಿ ಸರಿಪಡಿಸಿಕೊಡಿ. ಒಂದು ವಾರದೊಳಗೆ ದಿನಾಂಕ ತಿಳಿಸಿ.’

ಸರಿಪಡಿಸುವುದೆಂದರೆ ಇಡೀ ತಲೆಗೆ ಮತ್ತೊಮ್ಮೆ ಬಣ್ಣ ಬಳಿಯುವುದಲ್ಲ. ಕಿತ್ತಳೆಯನ್ನು ನೀಲಿ ಛಾಯೆಯ ಟೋನರ್ ತಣಿಸುತ್ತದೆ. ಬಣ್ಣ ಹಿಡಿಯದ ಕಡೆಗೆ ಮಾತ್ರ ಹೊಸ ಬಣ್ಣ ಬೇಕು. ಕೂದಲು ಎಳೆದರೆ ರಬ್ಬರಿನಂತೆ ಹಿಗ್ಗಿ ತುಂಡಾಗುತ್ತಿದ್ದರೆ ಈಗಲೇ ಬ್ಲೀಚ್ ಬೇಡವೆನ್ನಿ.

ನಡುವೆ ಬೇರೆಡೆ ಬಣ್ಣ ಹಾಕಿಸಿಕೊಳ್ಳಬೇಡಿ, ಸಾಕ್ಷ್ಯವೇ ಅಳಿಸಿಹೋಗುತ್ತದೆ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ.