ಬಿಲ್ಲಿನ ಚಿತ್ರದಿಂದ ಲೆಕ್ಕದ ಹಾಳೆಗೆ: ಅಂಕಿಗಳನ್ನು ತಾಳೆ ನೋಡುವ ಬಗೆ

ಖರೀದಿ ಬಿಲ್ಲುಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದು, ಅದರಲ್ಲಿನ ಸರಕು, ಪ್ರಮಾಣ ಮತ್ತು ಮೊತ್ತಗಳನ್ನು ನೇರವಾಗಿ ಎಕ್ಸೆಲ್ ಹಾಳೆಗೆ ಇಳಿಸಿಕೊಳ್ಳುವ ಪದ್ಧತಿ ಈಗ ಸಣ್ಣ ವ್ಯಾಪಾರಸ್ಥರಿಗೂ ಎಟಕುವಂತಿದೆ. ಎಕ್ಸೆಲ್‌ನ ಮೊಬೈಲ್ ಆವೃತ್ತಿಗೆ ಈ ಸೌಲಭ್ಯ 2019ರಲ್ಲಿ ಬಂದಿತು. ಗಣಕಯಂತ್ರದ ಹೊಸ ಆವೃತ್ತಿಗಳಲ್ಲಿ Data ಪಟ್ಟಿಯ From Picture ಎಂಬಲ್ಲಿ ಇದು ದೊರೆಯುತ್ತದೆ. ತನಗೆ ಅನುಮಾನವಿರುವ ಅಂಕಿಗಳನ್ನು ತಂತ್ರಾಂಶವೇ ಗುರುತು ಮಾಡಿ ತೋರಿಸುತ್ತದೆ. ಆದರೆ ಅದಕ್ಕೆ ಅನುಮಾನವೇ ಬಾರದ ತಪ್ಪುಗಳೇ ಹೆಚ್ಚು ಅಪಾಯಕಾರಿ. ಅವು ದಾಸ್ತಾನಿನ ಲೆಕ್ಕಕ್ಕೂ ಹೂಡುವಳಿ ತೆರಿಗೆ ಜಮೆಗೂ ಸದ್ದಿಲ್ಲದೆ ನುಸುಳುತ್ತವೆ.

ಬಿಲ್ಲನ್ನು ಮೇಜಿನ ಮೇಲೆ ಸಪಾಟಾಗಿ ಹರಡಿ, ನೇರ ಮೇಲಿನಿಂದ, ಕೈಯ ನೆರಳು ಬೀಳದಂತೆ ಚಿತ್ರ ತೆಗೆಯತಕ್ಕದ್ದು. ಮಡಿಕೆಯು ಅಂಕಿಯ ಮೇಲೆಯೇ ಹಾದುಹೋಗಿದ್ದರೆ ಯಾವ ತಂತ್ರಾಂಶವೂ ಅದನ್ನು ಸರಿಯಾಗಿ ಓದಲಾರದು. ಕೈಬರಹದ ಬಿಲ್ಲುಗಳನ್ನು ಬೆರಳಚ್ಚಿಸುವುದೇ ಮೇಲು.

ಹಾಳೆಯಲ್ಲಿ ಒಂದು ಸರಕಿಗೆ ಒಂದೇ ಸಾಲು ಇರಬೇಕು. A ಬಿಲ್ ಸಂಖ್ಯೆ, B ದಿನಾಂಕ, C ವಿವರ, D ಪ್ರಮಾಣ, E ಅಳತೆ, F ದರ, G ಶೇಕಡಾ ರಿಯಾಯಿತಿ, H ಮೊತ್ತ. ‘24 ನಗ’ ಎಂದು ಒಂದೇ ಮನೆಯಲ್ಲಿ ಬಂದರೆ ಅಂಕಿ ಮತ್ತು ಅಳತೆಗಳನ್ನು ಬೇರ್ಪಡಿಸಬೇಕು. ಸರಕಿನ ಉದ್ದನೆಯ ಹೆಸರು ಎರಡು ಸಾಲಾಗಿ ಒಡೆದಿದ್ದರೆ, ಪ್ರಮಾಣವಿಲ್ಲದ ಸಾಲನ್ನು ಮೇಲಿನದಕ್ಕೆ ಸೇರಿಸಬೇಕು. ಬಿಲ್ಲಿನ ಒಟ್ಟು ಮೊತ್ತ, ತೆರಿಗೆ ಮತ್ತು ಪೂರ್ಣಾಂಕದ ಹೊಂದಾಣಿಕೆಗಳನ್ನು ಸರಕಿನ ಸಾಲುಗಳ ಕೆಳಗೆ ಬಿಡದೆ ಬೇರೊಂದು ಹಾಳೆಯಲ್ಲಿ ಬಿಲ್ಲಿಗೊಂದು ಸಾಲಿನಂತೆ ಇಡಬೇಕು. ಇಲ್ಲವಾದರೆ ತಿಂಗಳ ಕೊನೆಯಲ್ಲಿ ಖರೀದಿಯು ಇಮ್ಮಡಿಯಾಗಿ ಕಾಣುತ್ತದೆ.

ಉದಾಹರಣೆಗೆ ಒಂದು ಹಾರ್ಡ್‌ವೇರ್ ಬಿಲ್ಲನ್ನು ತೆಗೆದುಕೊಳ್ಳೋಣ. ಬಾಗಿಲ ತಿರುಗಣಿ 24, ದರ 85.00, ಮೊತ್ತ 2,040.00. ಸ್ಕ್ರೂ 6 ಪೆಟ್ಟಿಗೆ, ದರ 140.00, ಮೊತ್ತ 840.00. ಪಿ.ವಿ.ಸಿ. ಪೈಪು 18, ದರ 215.50, ಮೊತ್ತ 3,879.00. ನಲ್ಲಿ 10, ದರ 368.00, ಮೊತ್ತ 3,496.00. ತೆರಿಗೆಗೆ ಮುನ್ನ ಒಟ್ಟು 10,255.00. ಕೇಂದ್ರ ಮತ್ತು ರಾಜ್ಯ ಜಿ.ಎಸ್.ಟಿ. ತಲಾ ಶೇ. 9ರಂತೆ 922.95. ಹತ್ತು ಪೈಸೆ ಕೂಡಿಸಿ ಬಿಲ್ಲಿನ ಮೊತ್ತ 12,101.00.

ಮೊದಲ ತಾಳೆ ಸಾಲಿನದು. I ಕಾಲಮ್ಮಿನಲ್ಲಿ ಈ ಸೂತ್ರವನ್ನು ಬರೆದು ಕೆಳಗೆಳೆದರೆ ಪ್ರತಿ ಸಾಲಿಗೂ ಸೊನ್ನೆ ಬರಬೇಕು:

```
=ROUND(D2*F2*(1-G2/100),2)-H2
```

ಪೈಪಿನ ಸಂಖ್ಯೆ 18ರ ಬದಲು 13 ಎಂದು ಓದಲ್ಪಟ್ಟಿದ್ದರೆ ಇಲ್ಲಿ ಒಡನೆ ಗೊತ್ತಾಗುತ್ತದೆ. 3,879ನ್ನು 215.50ರಿಂದ ಭಾಗಿಸಿದರೆ ಸರಿಯಾದ 18 ದೊರೆಯುತ್ತದೆ. ನಲ್ಲಿಯ ಸಾಲಿನಲ್ಲಿ 184 ರೂಪಾಯಿ ವ್ಯತ್ಯಾಸ ಬಂದರೆ ಅದು ಓದಿನ ತಪ್ಪಲ್ಲ. 3,680ಕ್ಕೆ ಅದು ಸರಿಯಾಗಿ ಶೇ. 5. ರಿಯಾಯಿತಿಯ ಕಾಲಮ್ಮು ಬಿಟ್ಟುಹೋಗಿದೆ ಎಂದರ್ಥ.

ಇಷ್ಟಕ್ಕೇ ನಿಲ್ಲುವವರು ಹಲವರು, ಅದು ಸಾಲದು. ಸ್ಕ್ರೂವಿನ ಸಾಲಿನಲ್ಲಿ ದಶಾಂಶ ಬಿಂದು ಮಸುಕಾಗಿ ದರ 14000, ಮೊತ್ತ 84000 ಎಂದು ಬಂದಿತೆನ್ನಿ. ಆರನ್ನು 14000ದಿಂದ ಗುಣಿಸಿದರೆ 84000. ಸಾಲಿನ ತಾಳೆ ಸೊನ್ನೆಯನ್ನೇ ತೋರಿಸುತ್ತದೆ! ಇದನ್ನು ಹಿಡಿಯುವುದು ಎರಡನೆಯ ತಾಳೆ, ಅಂದರೆ ಮೊತ್ತಗಳನ್ನು ಕೂಡಿ ಬಿಲ್ಲಿನ 10,255ರೊಡನೆ ಹೋಲಿಸುವುದು. ಕೂಡಿದಾಗ 93,415 ಬರುತ್ತದೆ, ವ್ಯತ್ಯಾಸ 83,160. ಇದು 99ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಭಾಗಲಬ್ಧ 840. ಎರಡು ಸೊನ್ನೆ ಹೆಚ್ಚಾದ ಮೊತ್ತ ಯಾವುದೆಂಬುದನ್ನು ಭಾಗಲಬ್ಧವೇ ಹೇಳಿಬಿಡುತ್ತದೆ. ಅಂಕಿ ಅದಲುಬದಲಾದರೆ ವ್ಯತ್ಯಾಸ 9ರಿಂದ ಭಾಗವಾಗುವುದನ್ನು ಹಳೆಯ ಗುಮಾಸ್ತರು ಬಲ್ಲರು. ಇದು ಅದರ ದಾಯಾದಿ.

ವ್ಯತ್ಯಾಸವು ಯಾವುದೋ ಒಂದು ಸಾಲಿನ ಮೊತ್ತಕ್ಕೇ ಸಮನಾಗಿದ್ದರೆ ಕಾರಣ ಬೇರೆ. ಹೆಚ್ಚಾಗಿದ್ದರೆ ಆ ಸಾಲು ಎರಡು ಬಾರಿ ಬಂದಿದೆ. ಕಡಿಮೆಯಾಗಿದ್ದರೆ ಸಾಲು ಬಿಟ್ಟುಹೋಗಿದೆ, ಇಲ್ಲವೇ ‘3,879.00’ ಎಂಬುದು ಸಂಖ್ಯೆಯಾಗಿರದೆ ಬರಿಯ ಅಕ್ಷರವಾಗಿ ಕುಳಿತಿದೆ. ಗುಣಾಕಾರದಲ್ಲಿಯೂ ಕಳೆಯುವಲ್ಲಿಯೂ ಎಕ್ಸೆಲ್ ಅದನ್ನು ಸಂಖ್ಯೆಯೆಂದೇ ಪರಿಗಣಿಸುತ್ತದೆ, ಆದರೆ SUM ಸೂತ್ರವು ಅದನ್ನು ಮಾತಿಲ್ಲದೆ ಬಿಟ್ಟುಬಿಡುತ್ತದೆ. ಮನೆಯ ಎಡ ಅಂಚಿಗೆ ಒರಗಿ ನಿಂತ ಅಂಕಿಯೇ ಇದರ ಗುರುತು. ಪರಿಹಾರ ಹೀಗಿದೆ:

```
=VALUE(SUBSTITUTE(H4,",",""))
```

ಈ ಎರಡೂ ತಾಳೆಗಳಿಗೆ ಸಿಕ್ಕದೆ ಉಳಿಯುವುದು ಗುಣಿಸಲಾಗದ, ಕೂಡಲಾಗದ ವಿವರಗಳು: ಬಿಲ್ ಸಂಖ್ಯೆ, ದಿನಾಂಕ, ಮಾರಾಟಗಾರರ ಜಿ.ಎಸ್.ಟಿ. ನೋಂದಣಿ ಸಂಖ್ಯೆ. ಜಿ.ಎಸ್.ಟಿ.ಆರ್.-2ಬಿ ಪಟ್ಟಿಯೊಡನೆ ಹೋಲಿಸುವಾಗ ಇವುಗಳಲ್ಲಿ ಒಂದು ಅಕ್ಷರ ತಪ್ಪಿದರೂ ಬಿಲ್ಲು ಹೊಂದುವುದಿಲ್ಲ. ನೋಂದಣಿ ಸಂಖ್ಯೆಗಾದರೆ ಸ್ಥಾನದ ಆಧಾರವಿದೆ. ಹದಿನೈದು ಸ್ಥಾನಗಳ ಪೈಕಿ ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ಸಂಖ್ಯೆ: ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ. ಆದುದರಿಂದ ಎಂಟರಿಂದ ಹನ್ನೊಂದನೆಯ ಸ್ಥಾನದವರೆಗೆ O ಎಂದು ಬಂದಿದ್ದರೆ ಅದು ಸೊನ್ನೆಯೇ. ಬಿಲ್ ಸಂಖ್ಯೆಗೆ ಇಂಥ ಆಧಾರವಿಲ್ಲ. ಅದನ್ನೂ ದಿನಾಂಕವನ್ನೂ ಚಿತ್ರದೊಡನೆ ಕಣ್ಣಾರೆ ಹೋಲಿಸಿಯೇ ನೋಡಬೇಕು.