ಬೈಗುಳದ ಪಂದ್ಯದಲ್ಲಿ ಗೆಲ್ಲುವವರು ಯಾರು?

ನ್ಯೂಯಾರ್ಕಿನ ಹಾರ್ಲೆಮ್‌ ಬೀದಿಗಳಲ್ಲಿ ಕರಿಯ ಹುಡುಗರು ‘ಡಜನ್ಸ್’ ಎಂಬ ಆಟ ಆಡುತ್ತಿದ್ದರು. ಇಬ್ಬರು ಎದುರುಬದುರು ನಿಂತು, ಸರದಿಯ ಮೇಲೆ ಒಬ್ಬರ ಮನೆ, ಬಡತನ, ಹೆಚ್ಚಾಗಿ ತಾಯಿಯನ್ನು ಇನ್ನೊಬ್ಬರು ಆಡಿಕೊಳ್ಳಬೇಕು. ಹೊರಗಿನವರ ಕಣ್ಣಿಗೆ ಅದು ಬೀದಿ ಜಗಳ. ಆದರೆ 1960ರ ದಶಕದಲ್ಲಿ ಅಲ್ಲಿನ ಹುಡುಗರ ಮಾತುಗಳನ್ನು ಧ್ವನಿಮುದ್ರಿಸಿದ ಭಾಷಾವಿಜ್ಞಾನಿ ವಿಲಿಯಂ ಲಬೋವ್‌, ಅದರೊಳಗೆ ಬಿಗಿಯಾದ ಕಟ್ಟುಪಾಡುಗಳಿವೆ ಎಂದು 1972ರಲ್ಲಿ ಬರೆದರು.

ಮೊದಲ ಕಟ್ಟುಪಾಡು, ಆಟಕ್ಕೆ ಇಬ್ಬರು ಸಾಲದು, ಕೇಳುವವರು ಬೇಕು. ಬೈಯುವವನು ಎದುರಾಳಿಯ ಮುಖ ನೋಡಿ ಬೈದರೂ ಅವನ ಗುರಿ ಸುತ್ತ ನಿಂತವರು. ಯಾರೂ ಅಂಕ ಬರೆಯುವುದಿಲ್ಲ. ಆದರೆ ಒಂದೊಂದು ಮಾತಿಗೂ ಗುಂಪು ಆಗಿಂದಾಗ ತೀರ್ಪು ಕೊಡುತ್ತದೆ: ಬಿದ್ದು ಬಿದ್ದು ನಗುತ್ತದೆ, ‘ಇದು ಸಪ್ಪೆ’ ಎನ್ನುತ್ತದೆ, ಇಲ್ಲವೆ ಸುಮ್ಮನಿರುತ್ತದೆ. ಸುಮ್ಮನಿರುವುದಕ್ಕಿಂತ ಕೆಟ್ಟ ತೀರ್ಪಿಲ್ಲ.

ಎರಡನೆಯದು, ಉತ್ತರ ಎದುರಾಳಿ ಹಿಡಿದ ಎಳೆಯಿಂದಲೇ ಹುಟ್ಟಿದರೆ ಚೆನ್ನ. ಮಾದರಿಗೆ ನಾನೇ ಒಂದು ಸುತ್ತು ಕಟ್ಟುತ್ತೇನೆ. ಒಬ್ಬ ಹೇಳುತ್ತಾನೆ: “ನಿಮ್ಮನೇಲಿ ಎಷ್ಟು ಬಡತನ ಅಂದ್ರೆ, ಜಿರಳೆಗಳು ಊಟಕ್ಕೆ ಪಕ್ಕದ ಮನೆಗೆ ಹೋಗ್ತವೆ.” ಇನ್ನೊಬ್ಬ: “ಹೋಗೋದು ನಿಮ್ಮನೆ ಜಿರಳೆಗಳನ್ನ ಕರ್ಕೊಂಡು ಬರೋಕೆ ಕಣೋ. ಪಾಪ, ಅವಕ್ಕೆ ನಡೆಯೋಕೂ ಶಕ್ತಿಯಿಲ್ಲ!” ಜಿರಳೆಯೂ ಅದೇ, ಪಕ್ಕದ ಮನೆಯೂ ಅದೇ; ಆದರೆ ಬಡತನ ತಿರುಗಿ ಬೈದವನ ಮನೆ ಸೇರಿತು. ಏರುವುದು ಎಂದರೆ ಇದು, ದನಿ ಏರಿಸುವುದಲ್ಲ. ಇಲ್ಲಿ ಎರಡನೆಯವನು ಜಿರಳೆ ಬಿಟ್ಟು ಮೊದಲನೆಯವನ ಮೂಗಿನ ಬಗ್ಗೆ ಮಾತಾಡಿದ್ದರೆ ಆಟ ಮುಂದುವರಿಯುತ್ತಿತ್ತು, ಆದರೆ ಗುಂಪಿಗೆ ಅವನ ಚೀಲ ಖಾಲಿಯಾಗುತ್ತಿದೆ ಎಂಬ ಸುಳಿವು ಸಿಗುತ್ತಿತ್ತು.

ಅವನು “ನಮ್ಮನೇಲಿ ಜಿರಳೆನೇ ಇಲ್ಲ” ಎಂದಿದ್ದರೆ? ಅಲ್ಲಿಗೆ ಸೋಲು. ಲಬೋವ್‌ ಕಂಡುಕೊಂಡದ್ದರಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಇದೇ: ಆಟದ ಬೈಗುಳ ಸುಳ್ಳೆಂದು ಎಲ್ಲರಿಗೂ ಗೊತ್ತಿರಬೇಕು. ಗೊತ್ತಿದ್ದ ಮೇಲೆ ಅಲ್ಲಗಳೆಯುವುದಕ್ಕೆ ಏನಿದೆ? ಆದ್ದರಿಂದಲೇ ಹುಡುಗರು ನಂಬಲಾಗದಷ್ಟು ಉತ್ಪ್ರೇಕ್ಷೆ ಮಾಡುತ್ತಾರೆ. ಅವರ ಧ್ವನಿಮುದ್ರಣದ ಒಂದು ಕಡೆ ಒಬ್ಬ ಹುಡುಗನ ತಂದೆಯ ತೊದಲು ಮಾತಿನ ಪ್ರಸ್ತಾಪ ಬರುತ್ತದೆ. ಅದು ನಿಜಕ್ಕೆ ತೀರಾ ಹತ್ತಿರವಿತ್ತು. ಹುಡುಗ ತಿರುಗಿ ಹಾಸ್ಯ ಮಾಡಲಿಲ್ಲ, ವಾದಕ್ಕಿಳಿದ. ಆಟ ಮುರಿದದ್ದನ್ನು ಹೀಗೆ ಗುರುತಿಸಬಹುದು: ಬೈಸಿಕೊಂಡವನು ಸಮಜಾಯಿಷಿ ಕೊಡಲು ಶುರುಮಾಡುತ್ತಾನೆ. ಗೆಳೆಯರ ಬಳಗದಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಎಲ್ಲರಿಗೂ ತಿಳಿದಿರುತ್ತದೆ. ಅಪರಿಚಿತನ ಜೊತೆ ಆಡಿದರೆ ಆ ಗೆರೆ ಕಾಣದೆ ಕೈಕೈ ಮಿಲಾಯಿಸುವ ಅಪಾಯ ಹೆಚ್ಚು.

ಈ ಬೀದಿಯಾಟ ರ‍್ಯಾಪ್ ವೇದಿಕೆಗೂ ಹತ್ತಿತು. 1981ರ ಡಿಸೆಂಬರ್‌ನಲ್ಲಿ ಹಾರ್ಲೆಮ್‌ ವರ್ಲ್ಡ್‌ ಎಂಬ ಕ್ಲಬ್ಬಿನಲ್ಲಿ, ಜನರನ್ನು ಕುಣಿಸಿ ಕೂಗಿಸುವುದರಲ್ಲಿ ಹೆಸರಾಗಿದ್ದ ಬಿಸಿ ಬೀಯನ್ನು ಕೂಲ್‌ ಮೋ ಡೀ ಎದುರಿಸಿದ. ಅವನು ಜನರನ್ನು ರಂಜಿಸುವ ಗೋಜಿಗೆ ಹೋಗದೆ ಬಿಸಿ ಬೀಯ ಕಸುಬಿಗೇ ಕೈಹಾಕಿದ, ಅವನ ಸಾಲುಗಳು ಅವನವಲ್ಲ ಎಂದು ಹಂಗಿಸಿದ. ಆ ರಾತ್ರಿಯ ಜನ ಅವನ ಕಡೆಗೆ ವಾಲಿದರು.

ಇಂದಿನ ಪಂದ್ಯಗಳಿಗೆ, ಉದಾಹರಣೆಗೆ 2010ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಆರಂಭವಾದ ಫ್ಲಿಪ್‌ಟಾಪ್‌ಗೆ, ಚೌಕಟ್ಟು ಗಟ್ಟಿಯಾಗಿದೆ. ಸಾಮಾನ್ಯವಾಗಿ ವಾದ್ಯವಿಲ್ಲ, ಮೂರು ಸುತ್ತು, ಪ್ರತಿ ಸುತ್ತಿಗೂ ಕಾಲಮಿತಿ, ನಾಣ್ಯ ಚಿಮ್ಮಿ ಯಾರು ಮೊದಲು ಎಂಬ ತೀರ್ಮಾನ. ತೀರ್ಪುಗಾರರು ಬೆಸಸಂಖ್ಯೆಯಲ್ಲಿರುತ್ತಾರೆ, ಸಮ ಆಗಬಾರದಲ್ಲ. ಒಬ್ಬೊಬ್ಬರೂ ತಮ್ಮ ಆಯ್ಕೆಗೆ ಕಾರಣವನ್ನೂ ಹೇಳುತ್ತಾರೆ. ಜನ ಹೆಚ್ಚು ನಕ್ಕಿದ್ದು ಒಬ್ಬನಿಗೆ, ತೀರ್ಪು ಇನ್ನೊಬ್ಬನಿಗೆ ಎಂಬ ಗದ್ದಲವೂ ಆಗಾಗ ಏಳುತ್ತದೆ.

ಸಾಲುಗಳನ್ನು ಮೊದಲೇ ಬರೆದು ಬಾಯಿಪಾಠ ಮಾಡಿಕೊಂಡು ಬರುವುದರಿಂದ ಎರಡು ಬದಲಾವಣೆಗಳಾದವು. ಒಂದು, ನಡುವೆ ಮರೆತು ತಡವರಿಸಿದರೆ ಆ ಸುತ್ತು ಕೈತಪ್ಪಿದಂತೆಯೇ. ಇನ್ನೊಂದು, ಡಜನ್ಸ್‌ನ ಸುಳ್ಳಿನ ಕಟ್ಟುಪಾಡು ತಲೆಕೆಳಗಾಯಿತು. ಎದುರಾಳಿಯ ಸಾಲ, ಮುರಿದ ಸಂಸಾರ, ಹಳೆಯ ಸೋಲು ಎಲ್ಲವನ್ನೂ ಕೆದಕಿ ತರುತ್ತಾರೆ. ಬೀದಿಯಲ್ಲಿ ಜಗಳ ತರುತ್ತಿದ್ದ ನಿಜ ಇಲ್ಲಿ ಬಂಡವಾಳ. ಹೊಡೆದಾಟಕ್ಕೆ ತಿರುಗದಂತೆ ತಡೆಯುವುದು ಸುಳ್ಳಲ್ಲ, ಸರದಿ: ನನ್ನ ಹೊತ್ತು ಬರುತ್ತದೆ ಎಂಬ ಖಾತ್ರಿಯಿಂದ ಬೈಸಿಕೊಳ್ಳುವವನು ಕೈಕಟ್ಟಿ ನಿಲ್ಲುತ್ತಾನೆ.

ಎರಡನೆಯದಾಗಿ ಮಾತಾಡುವವನಿಗೆ ಆಗಷ್ಟೇ ಕೇಳಿದ್ದಕ್ಕೆ ತಿರುಗೇಟು ಕೊಡುವ ಅನುಕೂಲವಿದೆ. ಮೊದಲು ಮಾತಾಡುವವನ ಅಸ್ತ್ರ ಬೇರೆ. 2002ರ ‘8 ಮೈಲ್’ ಚಿತ್ರದ ಕೊನೆಯ ಪಂದ್ಯದಲ್ಲಿ ಎಮಿನೆಮ್‌ನ ಪಾತ್ರ ತನ್ನ ಬಡತನವನ್ನೂ ಅವಮಾನಗಳನ್ನೂ ತಾನೇ ಮೊದಲು ಹೇಳಿಬಿಟ್ಟು ಮೈಕನ್ನು ಎದುರಾಳಿಗೆ ಎಸೆಯುತ್ತದೆ. ಅವನ ಬಾಯಿ ಕಟ್ಟುತ್ತದೆ. ಬರೆದು ತರುವ ಪಂದ್ಯಗಳಲ್ಲೂ ಈ ಪಟ್ಟು ನಡೆಯುತ್ತದೆ. ಎದುರಾಳಿ ಏನು ಕೆದಕಿರಬಹುದೆಂದು ಊಹಿಸಿ ಅದನ್ನು ಮೊದಲ ಸುತ್ತಿನಲ್ಲೇ ತಾನಾಗಿ ಹೇಳಿಬಿಟ್ಟರೆ, ಅವನು ಕಷ್ಟಪಟ್ಟು ಹೊಸೆದ ಸಾಲುಗಳಿಗೆ ಜನ ನಗುವುದಿಲ್ಲ. ಹಾಗೆಂದು ಅವನ್ನು ಕೈಬಿಟ್ಟರೆ ಬಾಯಿಪಾಠದ ಕೊಂಡಿ ಕಳಚಿ ತಡವರಿಸುತ್ತಾನೆ.