ವಾಶಿಯಿಂದ ಹೊರಟ ಲಾರಿ ಹಾವೇರಿಗೆ ಯಾವಾಗ ಬರುತ್ತೆ? ಲೆಕ್ಕ ಹೀಗಿದೆ

ಹಾವೇರಿ: ಹಬ್ಬಕ್ಕೆಂದು ನವಿ ಮುಂಬೈನ ವಾಶಿಯಿಂದ ಮಾಲು ತರಿಸುವ ಅಂಗಡಿಯವರು ಮೊಬೈಲ್ ಮ್ಯಾಪ್ ನೋಡಿ, ಸೋಮವಾರ ಬೆಳಿಗ್ಗೆ ಹೊರಟ ಲಾರಿ ರಾತ್ರಿಗೇ ಬಂತು ಅಂದ್ಕೋತಾರೆ. ಬರದಿದ್ದರೆ ಡ್ರೈವರ್‌ಗೆ ಫೋನ್ ಮೇಲೆ ಫೋನ್. ಆದರೆ ಮ್ಯಾಪ್ ತೋರಿಸೋದು ನಿಲ್ಲದೇ ಓಡುವ ಕಾರಿನ ಲೆಕ್ಕ.

ಲಾರಿಯ ಲೆಕ್ಕ ಬೇರೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕನಿಗೆ ಹಾಕಿದ ಮಿತಿ ದಿನಕ್ಕೆ 8 ಗಂಟೆ ಕೆಲಸ. ಈ 8 ಗಂಟೆ 2020ರ ಕಾರ್ಮಿಕ ಸಂಹಿತೆಯಲ್ಲೂ ಇದೆ. 1961ರ ಕಾಯ್ದೆಯಂತೆ 5 ಗಂಟೆ ಕೆಲಸವಾಗುವುದರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕಿತ್ತು. ಒಂದು ದಿನದ ಡ್ಯೂಟಿ ಮುಗಿದು ಮರುದಿನದ ಡ್ಯೂಟಿ ಶುರುವಾಗುವ ನಡುವೆ ಸತತ 9 ಗಂಟೆ ವಿಶ್ರಾಂತಿ ಬೇಕಿತ್ತು. ಟೈರ್ ನೋಡೋದು, ಕಾಗದಪತ್ರ ಮಾಡಿಸೋದು ಕೂಡ ಕೆಲಸವೇ. ಅದಕ್ಕೆ ಅರ್ಧ ಗಂಟೆ ಹೋದರೆ ಸ್ಟೇರಿಂಗ್ ಹಿಡಿಯಲು ಉಳಿಯೋದು ಏಳೂವರೆ ಗಂಟೆ.

ವಾಶಿಯಿಂದ ಹಾವೇರಿ ಸುಮಾರು 630 ಕಿ.ಮೀ. ಲೋಡ್ ಲಾರಿಗೆ ಸರಾಸರಿ ಗಂಟೆಗೆ 40 ಕಿ.ಮೀ. ಹಿಡಿಯೋಣ. ಅಂದರೆ ದಿನಕ್ಕೆ 300 ಕಿ.ಮೀ.

ಸೋಮವಾರ ಬೆಳಿಗ್ಗೆ 6ಕ್ಕೆ ಡ್ಯೂಟಿ ಶುರು, ಆರೂವರೆಗೆ ಲಾರಿ ಹೊರಡುತ್ತೆ. 11ಕ್ಕೆ ಅರ್ಧ ಗಂಟೆ ಊಟದ ಬಿಡುವು. ಮಧ್ಯಾಹ್ನ ಎರಡೂವರೆಗೆ ಕರಾಡ ಆಸುಪಾಸಿನಲ್ಲಿ ಆ ದಿನದ ಗಂಟೆ ಮುಗೀತು. ಮಂಗಳವಾರವೂ ಹೀಗೇ ಓಡಿದರೆ ಎರಡೂವರೆಗೆ ಹುಬ್ಬಳ್ಳಿ ದಾಟಿರುತ್ತೆ. ಇನ್ನು 30 ಕಿ.ಮೀ. ಬಾಕಿ, ಆದರೆ ಗಂಟೆ ಖಾಲಿ! ಮಾಲು ಕೈಸೇರೋದು ಬುಧವಾರ ಬೆಳಿಗ್ಗೆ ಏಳೂಕಾಲಿಗೆ.

ಸರಾಸರಿ 42 ಆಗಿದ್ದರೆ ಮಂಗಳವಾರ ಮಧ್ಯಾಹ್ನವೇ ಮುಟ್ಟುತ್ತಿತ್ತು. ಎರಡೇ ಕಿ.ಮೀ. ವೇಗಕ್ಕೆ ಇಷ್ಟು ಫರಕು. ಆದರೆ ಅದನ್ನು ನಂಬುವ ಹಾಗಿಲ್ಲ, ಖಂಡಾಲಾ ಘಾಟಿನಲ್ಲಿ ಒಂದು ಗಂಟೆ ಜಾಮ್ ಆದರೂ ಮತ್ತೆ ಬುಧವಾರವೇ. ಹಾಗಾಗಿ ಒಟ್ಟು ಓಡಿಸುವ ಗಂಟೆಯನ್ನು ಏಳೂವರೆಯಿಂದ ಭಾಗಿಸಿ ನೋಡಬೇಕು. ಉತ್ತರ 2ರ ಹತ್ತಿರ ಬಂದರೆ ಗಿರಾಕಿಗೆ ಮೂರನೇ ದಿನ ಅಂತಲೇ ಹೇಳೋದು ಒಳ್ಳೇದು.

ದೂರದ ಮಾರ್ಗಕ್ಕೆ ಪ್ರಾಧಿಕಾರದ ಅನುಮತಿ ಪಡೆದಿದ್ದರೆ ದಿನಕ್ಕೆ 10 ಗಂಟೆವರೆಗೆ ಕೆಲಸ ಮಾಡಿಸಲು 1961ರ ಕಾಯ್ದೆಯಲ್ಲಿ ಅವಕಾಶ ಇಟ್ಟಿದ್ದರು. ಆಗ ಇದೇ ಲಾರಿ ಮಂಗಳವಾರ ಮಧ್ಯಾಹ್ನ ಒಂದೂಕಾಲಿಗೆ ಹಾವೇರಿಯಲ್ಲಿ. ಇಬ್ಬರು ಚಾಲಕರಿದ್ದರೂ ಲೆಕ್ಕ ಬದಲಾಗುತ್ತೆ. ಬುಕಿಂಗ್ ಮಾಡುವಾಗ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಇದನ್ನು ಮೊದಲು ಕೇಳಬೇಕು. ಒಬ್ಬನೇ ಚಾಲಕ, ಆದರೂ ಸೋಮವಾರ ರಾತ್ರಿಗೇ ಮಾಲು ಇಳಿಸ್ತೀವಿ ಅಂದರೆ, ಆತ ಸುಮಾರು 16 ಗಂಟೆ ಸ್ಟೇರಿಂಗ್ ಹಿಡಿಯುತ್ತಾನೆ ಅಂತ ಅರ್ಥ.